ಅಟ್ ಚಿಹ್ನೆಯ ಎಡಗಡೆ ಕನ್ನಡ

ಇಮೇಲ್‌ನ ವಿಷಯದ ಸಾಲನ್ನು ಕನ್ನಡದಲ್ಲಿ ಬರೆದು ಜಗತ್ತಿನ ಯಾವ ಮೂಲೆಗೆ ಬೇಕಾದರೂ ಕಳಿಸಬಹುದು, ತಲುಪುತ್ತದೆ. ಒಳಗಿನ ಬರಹವೂ ಅಷ್ಟೆ. ಕಳಿಸುವವರ ಹೆಸರು ಕನ್ನಡದಲ್ಲಿ ಕಾಣುವಂತೆ ಮಾಡಿಕೊಳ್ಳುವುದೂ ಸುಲಭ. ವಿಳಾಸದಲ್ಲಿ ಅಟ್ ಚಿಹ್ನೆಯ ಬಲಗಡೆ ಬರುವ ಡೊಮೇನ್‌ಗೂ ಈಗ ಕನ್ನಡ ಬಂದಿದೆ, ‘.ಭಾರತ’ ಎಂದು ಕನ್ನಡ ಲಿಪಿಯಲ್ಲೇ ಕೊನೆಯಾಗುವ ಡೊಮೇನ್‌ಗಳನ್ನು ನೋಂದಾಯಿಸಿಕೊಳ್ಳಬಹುದು. ಆದರೆ ಅಟ್ ಚಿಹ್ನೆಯ ಎಡಗಡೆ, ಅಂದರೆ ಅಂಚೆಪೆಟ್ಟಿಗೆಯ ಹೆಸರಿರುವ ಜಾಗದಲ್ಲಿ, ಕನ್ನಡ ಬಂತೆಂದರೆ ಆ ಪತ್ರದ ದಾರಿಯೇ ಬೇರೆಯಾಗುತ್ತದೆ. ತಲುಪಬಹುದು, ತಲುಪದೆಯೂ ಇರಬಹುದು. ಬೆಳಿಗ್ಗೆ ತಲುಪಿದ ವಿಳಾಸಕ್ಕೆ ಸಂಜೆ ತಲುಪದಿರುವುದೂ ಉಂಟು.

ಇದೇಕೆ ಹೀಗೆ ಎಂದು ನೋಡಲು ಒಂದು ಸಣ್ಣ ಮಾಸಪತ್ರಿಕೆಯನ್ನು ಕಲ್ಪಿಸಿಕೊಳ್ಳೋಣ. ಲೇಖನ ಕಳಿಸುವವರಿಗಾಗಿ ಆ ಪತ್ರಿಕೆ ತನ್ನ ಕೊನೆಯ ಪುಟದಲ್ಲಿ ಅಚ್ಚು ಹಾಕಿಸಿರುವ ವಿಳಾಸ ಇದು:

```
ಸಂಪಾದಕ@ಮಾದರಿ.ಭಾರತ
```

ಇಮೇಲ್ ಸಾಗಿಸುವ ಎಸ್‌ಎಂಟಿಪಿ ಎಂಬ ನಿಯಮಾವಳಿಯನ್ನು ಜಾನ್ ಪೋಸ್ಟೆಲ್ 1982ರಲ್ಲಿ ಬರೆದರು. ಅದರ ಪ್ರಕಾರ ಸರ್ವರ್‌ಗಳು ತಮ್ಮತಮ್ಮೊಳಗೆ ಆಡುವ ಮಾತಿನಲ್ಲಿ ಇರಬಹುದಾದದ್ದು ಇಂಗ್ಲಿಷ್ ಅಕ್ಷರ, ಅಂಕಿ, ಒಂದಿಷ್ಟು ಚಿಹ್ನೆಗಳು ಮಾತ್ರ. ಹತ್ತು ವರ್ಷದ ಮೇಲೆ, 1992ರಲ್ಲಿ, ವಿಷಯದ ಸಾಲಿಗೆ ಒಂದು ಉಪಾಯ ಕಂಡುಕೊಂಡರು: ಬೇರೆ ಲಿಪಿಯನ್ನು ಇಂಗ್ಲಿಷ್ ಅಕ್ಷರಗಳ ವೇಷ ಹಾಕಿಸಿ ಕಳಿಸುವುದು. ಇಂದಿಗೂ ನೀವು ವಿಷಯದಲ್ಲಿ ‘ನಮಸ್ಕಾರ’ ಎಂದು ಬರೆದರೆ ಸಾಮಾನ್ಯವಾಗಿ ತಂತಿಯ ಮೇಲೆ ಹೋಗುವುದು ಇದು:

```
Subject: =?UTF-8?B?4LKo4LKu4LK44LON4LKV4LK+4LKw?=
```

ನಾಲ್ಕು ನಾಲ್ಕು ಅಕ್ಷರಗಳಾಗಿ ಒಡೆದು ನೋಡಿದರೆ ಪ್ರತಿ ತುಂಡೂ ‘4L’ ಎಂದೇ ಶುರುವಾಗುತ್ತದೆ. ಇಲ್ಲಿ ಪ್ರತಿ ತುಂಡೂ ಒಂದೊಂದು ಕನ್ನಡ ಚಿಹ್ನೆ: ನ, ಮ, ಸ, ಅರ್ಧಾಕ್ಷರ ಮಾಡುವ ವಿರಾಮ, ಕ, ದೀರ್ಘ, ರ. ನಡುವಿನ ಸರ್ವರ್‌ಗಳಿಗೆ ಇದೆಲ್ಲ ಗೊತ್ತಾಗಬೇಕಿಲ್ಲ. ವಿಷಯದ ಸಾಲನ್ನು ಓದುವುದು ಮನುಷ್ಯರು. ತೆರೆಯುವಾಗ ಅವರ ಮೇಲ್ ಆ್ಯಪ್ ವೇಷ ಕಳಚಿ ತೋರಿಸಿದರೆ ಸಾಕು.

ಡೊಮೇನ್‌ಗೂ ಇಂಥದೇ ವೇಷವಿದೆ. ಕನ್ನಡದ ‘.ಭಾರತ’ ಇಂಟರ್ನೆಟ್ಟಿನ ವಿಳಾಸ ಪಟ್ಟಿಯಲ್ಲಿ `xn--2scrj9c` ಎಂದು ದಾಖಲಾಗಿದೆ. `xn--` ಎಂಬ ಮುಂಭಾಗವನ್ನು ಇದಕ್ಕೆಂದೇ ಮೀಸಲಿಟ್ಟದ್ದರಿಂದ, ಅದನ್ನು ಕಂಡ ಯಾವ ಯಂತ್ರವಾದರೂ ಮುಂದಿನದು ಇನ್ನೊಂದು ಲಿಪಿಯ ಹೆಸರು ಎಂದು ತಿಳಿಯುತ್ತದೆ. ಜಗತ್ತಿಗೆಲ್ಲ ಒಂದೇ ಡೊಮೇನ್ ಪಟ್ಟಿ, ಒಂದೇ ನಿಯಮ.

ಹಾಗಾದರೆ ‘ಸಂಪಾದಕ’ ಎಂಬುದಕ್ಕೂ ಅದೇ ವೇಷ ಹಾಕಿಸಬಾರದೇಕೆ? ಕೇಳಬೇಕಾದ ಪ್ರಶ್ನೆಯೇ. ಉತ್ತರ ಇರುವುದು ಇಮೇಲ್‌ನ ಒಂದು ಹಳೆಯ ಕಟ್ಟಳೆಯಲ್ಲಿ. ಅಟ್ ಚಿಹ್ನೆಯ ಎಡಗಡೆ ಏನಿದೆ, ಅದು ಯಾರ ಪೆಟ್ಟಿಗೆ ಎಂದು ಹೇಳುವ ಅಧಿಕಾರ ಇರುವುದು ಆ ಡೊಮೇನಿನ ಕೊನೆಯ ಸರ್ವರ್‌ಗೆ ಮಾತ್ರ. ಅಲ್ಲಿ `xn--` ಎಂದು ಶುರುವಾಗುವ ಪೆಟ್ಟಿಗೆಯೊಂದು ಮೊದಲೇ ಇರಬಹುದು, ಅದು ಯಾರದೋ ಆಗಿರಬಹುದು; ತಡೆಯುವ ನಿಯಮವಿಲ್ಲ. ಹಾಗಾಗಿ ನಡುವಿನವರು ಆ ಭಾಗವನ್ನು ಮುಟ್ಟುವಂತಿಲ್ಲ, ತಿದ್ದುವಂತಿಲ್ಲ, ಅರ್ಥ ಮಾಡುವಂತಿಲ್ಲ. ಇದ್ದ ಹಾಗೇ ದಾಟಿಸಬೇಕು. ಕಾಗದದ ಅಂಚೆಯಲ್ಲಿ ಹೀಗಿಲ್ಲ. ಹೆಸರನ್ನು ಕನ್ನಡದಲ್ಲಿ ಬರೆದ ಲಕೋಟೆಯನ್ನು ಲಖನೌನಲ್ಲಿ ಡಬ್ಬಕ್ಕೆ ಹಾಕಿದರೂ ಪಿನ್‌ಕೋಡ್ ನೋಡಿ ಮೈಸೂರಿಗೆ ಕಳಿಸುತ್ತಾರೆ, ಹೆಸರನ್ನು ನಮ್ಮ ಬೀದಿಯ ಪೋಸ್ಟ್‌ಮ್ಯಾನ್ ಓದಿಕೊಳ್ಳುತ್ತಾನೆ. ಓದಲು ಬಾರದ ಅಕ್ಷರವೆಂದು ಲಕೋಟೆಯನ್ನು ಕೈಯಲ್ಲಿ ಹಿಡಿಯಲೂ ಒಪ್ಪದ ಗುಮಾಸ್ತ ಆ ದಾರಿಯಲ್ಲಿ ಯಾರೂ ಇಲ್ಲ. ಇಮೇಲ್ ದಾರಿಯ ಹಳೆಯ ಸರ್ವರ್ ಮಾತ್ರ ಅಂಥ ಗುಮಾಸ್ತನೇ.

ಈ ತೊಡಕಿಗೆ ಮೊದಲು ಬೇರೊಂದು ದಾರಿ ಹುಡುಕಿದ್ದರು. 2008ರ ಸುಮಾರಿನ ಪ್ರಾಯೋಗಿಕ ನಿಯಮಗಳಲ್ಲಿ ಪ್ರತಿ ಹೊಸ ವಿಳಾಸದ ಜೊತೆಗೆ ಬದಲಿಯಾಗಿ ಒಂದು ಇಂಗ್ಲಿಷ್ ವಿಳಾಸವನ್ನೂ ಕಟ್ಟಿ ಕಳಿಸುವ ಏರ್ಪಾಡಿತ್ತು. ಹಳೆಯ ಸರ್ವರ್ ಎದುರಾದರೆ ನಡುವಿನವರು ಪತ್ರವನ್ನು ಬಿಚ್ಚಿ, ವಿಳಾಸಗಳನ್ನೆಲ್ಲ ಬದಲಿಸಿ, ಮುಂದೆ ಕಳಿಸಬೇಕು. ಕಾಗದದ ಮೇಲೆ ಚೆನ್ನಾಗಿಯೇ ಕಂಡಿತು. ಆದರೆ ಹಾಗೆ ತಿದ್ದಿದ ಪತ್ರದ ಡಿಜಿಟಲ್ ಸಹಿ ತಾಳೆಯಾಗುವುದಿಲ್ಲ, ಉತ್ತರ ಎಲ್ಲಿಗೆ ಹೋಗಬೇಕೆಂಬುದು ಗೋಜಲಾಗುತ್ತದೆ. 2012ರಲ್ಲಿ ಬಂದ ಪಕ್ಕಾ ನಿಯಮಗಳು ಈ ದಾರಿಯನ್ನೇ ಕೈಬಿಟ್ಟವು. ನನಗೆ ಇದು ಸರಿಯಾದ ತೀರ್ಮಾನವೆಂದೇ ತೋರುತ್ತದೆ, ಅದರ ಬೆಲೆ ದುಬಾರಿಯಾದರೂ. ಈಗಿನ ನಿಯಮ ನೇರವಾಗಿದೆ: ದಾರಿಯ ಪ್ರತಿ ಸರ್ವರ್ ‘ನನಗೆ ಇಂಥ ವಿಳಾಸ ಬರುತ್ತದೆ’ ಎಂದು ಹೇಳಬೇಕು. ಒಂದೇ ಒಂದು ಹೇಳದಿದ್ದರೂ ಪತ್ರ ಅಲ್ಲಿಂದ ಮುಂದಕ್ಕಿಲ್ಲ, ಕಳಿಸಿದವರಿಗೆ ವಾಪಸ್ಸು.

ಆ ಒಪ್ಪಿಗೆಯ ಹೆಸರು `SMTPUTF8`. ಆರ್‌ಎಫ್‌ಸಿ 6531 ಎಂಬ ದಾಖಲೆಯಲ್ಲಿ ಇದರ ವಿವರವಿದೆ. ಧಾರವಾಡದ ಲೇಖಕಿಯೊಬ್ಬರು ಜಿಮೇಲ್‌ನಿಂದ ನಮ್ಮ ಪತ್ರಿಕೆಗೆ ಕಥೆ ಕಳಿಸುತ್ತಾರೆ ಎನ್ನಿ. ಜಿಮೇಲ್‌ನಲ್ಲಿ ಕನ್ನಡ ಹೆಸರಿನ ಖಾತೆ ತೆರೆಯಲಾಗದು. ಆದರೆ ಅಂಥ ವಿಳಾಸಕ್ಕೆ ಕಳಿಸುವುದು, ಅಲ್ಲಿಂದ ಬಂದದ್ದನ್ನು ಪಡೆಯುವುದು 2014ರಿಂದಲೇ ಸಾಧ್ಯ. ಕಳಿಸುವ ಸರ್ವರ್ ಮೊದಲು ‘ಮಾದರಿ.ಭಾರತ’ವನ್ನು `xn--` ರೂಪಕ್ಕೆ ತಿರುಗಿಸಿ, ಆ ಡೊಮೇನಿನ ಮೇಲ್ ತೆಗೆದುಕೊಳ್ಳುವ ಸರ್ವರ್ ಯಾವುದು ಎಂದು ವಿಚಾರಿಸುತ್ತದೆ. ಸಿಕ್ಕ ಮೇಲೆ ಸಂಪರ್ಕಿಸಿ `EHLO` ಎಂದು ಮಾತು ಶುರು ಮಾಡುತ್ತದೆ. ಎದುರಿನ ಸರ್ವರ್ ತನಗೆ ಏನೇನು ಬರುತ್ತದೆ ಎಂಬ ಪಟ್ಟಿ ಒಪ್ಪಿಸುತ್ತದೆ. ಆಮೇಲಿನದು ಸ್ಥೂಲವಾಗಿ ಹೀಗೆ (ಸಿ ಎಂದರೆ ಕಳಿಸುವವರು, ಎಸ್ ಎಂದರೆ ಪಡೆಯುವವರು):

```
S: 250-8BITMIME
S: 250 SMTPUTF8
C: MAIL FROM:<writer@example.com> SMTPUTF8
S: 250 2.1.0 Ok
C: RCPT TO:<ಸಂಪಾದಕ@ಮಾದರಿ.ಭಾರತ>
S: 250 2.1.5 Ok
```

ಇದರಲ್ಲಿ ಮುಖ್ಯ ಎರಡು ಕಡೆ ಬಂದ `SMTPUTF8`. ಮೊದಲನೆಯದು ಎದುರಿನವರ ಒಪ್ಪಿಗೆ. ಎರಡನೆಯದು, `MAIL FROM` ಸಾಲಿನ ತುದಿಯದು, ಕಳಿಸುವವರ ಘೋಷಣೆ: ಈ ಪತ್ರಕ್ಕೆ ಆ ಸೌಕರ್ಯ ಬೇಕು. ಜೊತೆಗಿರುವ `8BITMIME` ಕೂಡ ಕಡ್ಡಾಯ. ಇಷ್ಟಾದ ಮೇಲೆ ‘ಸಂಪಾದಕ’ ಯಾವ ವೇಷವೂ ಇಲ್ಲದೆ, ಯೂನಿಕೋಡ್‌ನ ಯುಟಿಎಫ್-8 ರೂಪದಲ್ಲಿ ನೇರವಾಗಿ ಹೋಗುತ್ತದೆ. ಆರು ಚಿಹ್ನೆ, ಒಂದೊಂದಕ್ಕೆ ಮೂರು ಬೈಟ್, ಒಟ್ಟು ಹದಿನೆಂಟು. ಹೆಸರಿನ ಭಾಗಕ್ಕೆ ಎಸ್‌ಎಂಟಿಪಿಯಲ್ಲಿ 64 ಬೈಟ್‌ಗಳ ಮಿತಿ ಇರುವುದರಿಂದ, ಕನ್ನಡದಲ್ಲಿ 21 ಚಿಹ್ನೆಗಿಂತ ಉದ್ದದ ಹೆಸರಿಗೆ ಜಾಗವಿಲ್ಲ. ಒತ್ತಕ್ಷರ, ಗುಣಿತದ ಚಿಹ್ನೆಗಳೂ ಲೆಕ್ಕಕ್ಕೆ ಸೇರುತ್ತವೆ. ‘ಸ್ತ್ರೀ’ ಎಂಬ ಒಂದಕ್ಷರಕ್ಕೇ ಹದಿನೆಂಟು ಬೈಟ್ ಹೋಗುತ್ತದೆ.

ಹೊರಬಾಗಿಲಿನ ಸರ್ವರ್ ಒಪ್ಪಿತು. ಕಥೆ ಸಂಪಾದಕರಿಗೆ ತಲುಪಿತೆ? ಇನ್ನೂ ಇಲ್ಲ. ಹೊರಗೆ ಒಂದಾಗಿ ಕಾಣುವ ಮೇಲ್ ವ್ಯವಸ್ಥೆಯ ಒಳಗೆ ಹಲವು ಕೈಗಳಿರುತ್ತವೆ. ಸ್ಪ್ಯಾಮ್ ಸೋಸುವುದೊಂದು, ವೈರಸ್ ನೋಡುವುದೊಂದು, ಪೆಟ್ಟಿಗೆಗೆ ಹಾಕುವುದೊಂದು. ಇವೂ ಬಹುಪಾಲು ಎಸ್‌ಎಂಟಿಪಿಯಲ್ಲೋ ಅದರ ತಮ್ಮನಾದ ಎಲ್‌ಎಂಟಿಪಿಯಲ್ಲೋ ಮಾತಾಡುತ್ತವೆ, ಹಾಗಾಗಿ ಇವೂ ಅದೇ ಒಪ್ಪಿಗೆ ಕೊಡಬೇಕು. ಪೋಸ್ಟ್‌ಫಿಕ್ಸ್ ಎಂಬ ಜನಪ್ರಿಯ ಮೇಲ್ ತಂತ್ರಾಂಶಕ್ಕೆ ಈ ಸಾಮರ್ಥ್ಯ ಬಂದದ್ದು 2015ರ 3.0 ಆವೃತ್ತಿಯಲ್ಲಿ. ಅದರ ಹಿಂದೆ ಪೆಟ್ಟಿಗೆ ನೋಡಿಕೊಳ್ಳಲು ಇಡುವ ಡವ್‌ಕಾಟ್ ಎಂಬ ತಂತ್ರಾಂಶ ಮಾತ್ರ ಬಹಳ ವರ್ಷ ಇದಕ್ಕೆ ತಯಾರಿರಲಿಲ್ಲ. ಎರಡನ್ನೂ ಜೋಡಿಸಿದ ಸರ್ವರ್‌ಗಳಲ್ಲಿ ಆದದ್ದು ಇದು: ಹೊರಗೆ ನಿಂತ ಪೋಸ್ಟ್‌ಫಿಕ್ಸ್ ಜಗತ್ತಿಗೆಲ್ಲ `SMTPUTF8` ಎಂದು ಸಾರಿ ಪತ್ರ ತೆಗೆದುಕೊಳ್ಳುತ್ತದೆ, ಒಳಗಿನ ಡವ್‌ಕಾಟ್ ಆ ಪದವನ್ನೇ ಎತ್ತುವುದಿಲ್ಲ, ಕೈಗೆ ಬಂದ ಪತ್ರ ಮನೆಯೊಳಗೇ ತಿರಸ್ಕಾರವಾಗಿ ವಾಪಸ್ಸು ಹೋಗುತ್ತದೆ. ಆಗ ಕಳಿಸಿದವರಿಗೆ ಸಿಗುವ ಸಾಲು:

```
SMTPUTF8 is required, but was not offered by host
```

ಈ ವಾಕ್ಯ ನೋಡಿದಾಗ ಗಮನಿಸಬೇಕಾದದ್ದು ಕೊನೆಯಲ್ಲಿ ಬರುವ ಯಂತ್ರದ ಹೆಸರು. ಅದು ಎದುರಿನವರ ಹೊರಬಾಗಿಲಿನದಾದರೆ ಅವರಲ್ಲಿ ಸೌಕರ್ಯವೇ ಇಲ್ಲ. ಅವರದೇ ಒಳಗಿನ ಯಂತ್ರದ್ದಾದರೆ ಸರಪಳಿಯ ಒಳಗೊಂದು ಕೊಂಡಿ ಸಡಿಲ. ಜೊತೆಗೆ ಬರುವ 5.6.7 ಎಂಬ ಸಂಖ್ಯೆ ಇಂಥ ವಿಳಾಸಕ್ಕೆಂದೇ ಇರುವ ತಿರಸ್ಕಾರದ ಗುರುತು. ‘ಅಂಥ ಬಳಕೆದಾರ ಇಲ್ಲ’ ಎನ್ನುವ 5.1.1ಕ್ಕೂ ಇದಕ್ಕೂ ಸಂಬಂಧವಿಲ್ಲ, ವಿಳಾಸ ತಪ್ಪೆಂದು ಮತ್ತೆ ಮತ್ತೆ ಟೈಪ್ ಮಾಡಿ ಪ್ರಯೋಜನವಿಲ್ಲ.

ಬೆಳಿಗ್ಗೆ ಹೋಗಿ ಸಂಜೆ ಹೋಗದಿರುವ ಮಾತು ಆಗ ಹೇಳಿದೆ. ಅದಕ್ಕೆ ಸಾಮಾನ್ಯ ಕಾರಣ ಮೀಸಲು ಸರ್ವರ್. ಮುಖ್ಯ ಸರ್ವರ್ ಕೆಟ್ಟಾಗ ಮೇಲ್ ತೆಗೆದುಕೊಳ್ಳಲೆಂದು ಡೊಮೇನುಗಳು ಇನ್ನೊಂದನ್ನು ನೋಂದಾಯಿಸಿರುತ್ತವೆ. ಅದು ಹಳೆಯ ಯಂತ್ರವೋ ಬೇರೆ ಕಂಪನಿಯದೋ ಆಗಿರುತ್ತದೆ. ಮುಖ್ಯ ಸರ್ವರ್ ಎದ್ದಿರುವಷ್ಟು ಹೊತ್ತು ಎಲ್ಲ ಸರಿ. ಅದು ಅರ್ಧ ಗಂಟೆ ಮಲಗಿದರೆ ಕಥೆ ಮೀಸಲಿನ ಬಳಿ ಹೋಗಿ, ಅಲ್ಲಿ ಒಪ್ಪಿಗೆ ಸಿಗದೆ, ಶಾಶ್ವತವಾಗಿ ತಿರಸ್ಕೃತವಾಗಬಹುದು. ಒಂದು ಡೊಮೇನಿನ ಎಲ್ಲ ಸರ್ವರ್‌ಗಳಲ್ಲೂ ಈ ಸೌಕರ್ಯ ಇರಲಿ, ಇಲ್ಲವೇ ಯಾವುದರಲ್ಲೂ ಬೇಡ ಎಂದು 6531ನೇ ದಾಖಲೆ ಒತ್ತಿ ಹೇಳಿರುವುದು ಇದಕ್ಕೇ.

ಪೆಟ್ಟಿಗೆಗೆ ಬಿದ್ದ ಪತ್ರವನ್ನು ಓದಲೂ ಒಂದು ಒಪ್ಪಂದ ಬೇಕು. ಮೇಲ್ ಆ್ಯಪ್ ಮತ್ತು ಪೆಟ್ಟಿಗೆಯ ಸರ್ವರ್ ಐಮ್ಯಾಪ್ ಎಂಬ ನಿಯಮದಲ್ಲಿ ಮಾತಾಡುವಾಗ, ಆ್ಯಪ್ `ENABLE UTF8=ACCEPT` ಎಂದು ಹೇಳಬೇಕು. ಹೇಳದ ಹಳೆಯ ಆ್ಯಪ್‌ಗೆ ಸರ್ವರ್ ವಿಳಾಸವನ್ನು ಬೇರೆ ರೂಪಕ್ಕೆ ತಿರುಗಿಸಿ ತೋರಿಸಬಹುದು. ಅದನ್ನು ಓದಬಹುದು, ಅದಕ್ಕೆ ಉತ್ತರ ಬರೆಯಲಾಗದು. ಇಲ್ಲಿ ಹೆಚ್ಚು ಹೇಳುವುದಕ್ಕಿಲ್ಲ, ಏಕೆಂದರೆ ಪೆಟ್ಟಿಗೆಯೂ ಆ್ಯಪ್ಪೂ ಪತ್ರಿಕೆಯ ಕೈಯಲ್ಲೇ ಇವೆ, ಸರಿಯಾದದ್ದನ್ನು ಆರಿಸಿಕೊಂಡರಾಯಿತು.

ಕೈಯಲ್ಲಿಲ್ಲದ್ದು ಉತ್ತರದ ದಾರಿ. ಸಂಪಾದಕರು ಕಥೆ ಮೆಚ್ಚಿ ಉತ್ತರ ಬರೆದರು. ಈಗ ಪಡೆಯುವವರ ವಿಳಾಸ ಪೂರ್ತಿ ಇಂಗ್ಲಿಷ್, ತೊಂದರೆ ಏನು ಅನ್ನಿಸಬಹುದು. ಆದರೆ ಕಳಿಸುವವರ ಜಾಗದಲ್ಲಿ ‘ಸಂಪಾದಕ’ ಇದೆ. ವಾಪಸ್ಸು ಕಳಿಸಬೇಕಾದರೆ ಎಲ್ಲಿಗೆ ಎಂದು ಎದುರಿನ ಸರ್ವರ್‌ಗೆ ಗೊತ್ತಿರಬೇಕಾದ್ದರಿಂದ ಆ ಹೆಸರನ್ನೂ ಅದು ಹಿಡಿಯಬಲ್ಲದ್ದಾಗಿರಬೇಕು. ಲೇಖಕಿಯದು ಜಿಮೇಲ್, ಹೋಗುತ್ತದೆ. ಅದೇ ಪತ್ರವನ್ನು ಹಳೆಯ ಮೇಲ್ ಸರ್ವರ್ ಇಟ್ಟುಕೊಂಡ ಕಾಲೇಜಿನ ಅಧ್ಯಾಪಕರಿಗೆ ಬರೆದಿದ್ದರೆ ಹೋಗುತ್ತಿರಲಿಲ್ಲ. ಕನ್ನಡ ವಿಳಾಸ ಇಟ್ಟುಕೊಂಡವರಿಗೆ ಪತ್ರ ಬರುವುದು ಒಂದು ಪರೀಕ್ಷೆಯಾದರೆ, ಅವರು ಬರೆಯುವ ಪ್ರತಿ ಪತ್ರವೂ ಎದುರಿನವರಿಗೆ ಒಂದು ಪರೀಕ್ಷೆ.

ಇದಕ್ಕಿಂತ ವಿಚಿತ್ರವಾದದ್ದು ಪ್ರತಿ ಕಳಿಸುವ ಸಾಲಿನದು, ‘ಸಿಸಿ’ಯದು. ಲೇಖಕಿ ತಮ್ಮ ಕಥೆಯನ್ನು ಆ ಅಧ್ಯಾಪಕರಿಗೆ ಕಳಿಸುತ್ತಾ, ಸಿಸಿಯಲ್ಲಿ ಸಂಪಾದಕರನ್ನು ಸೇರಿಸುತ್ತಾರೆ. ಇಬ್ಬರಿಗೂ ಪತ್ರ ಬೇರೆಬೇರೆ ದಾರಿಯಲ್ಲಿ ಹೋಗುತ್ತದೆ. ಅಧ್ಯಾಪಕರ ಕಡೆಗೆ ಹೋದ ಪ್ರತಿಯಲ್ಲಿ ಕಳಿಸಿದವರ ವಿಳಾಸ ಇಂಗ್ಲಿಷ್, ಪಡೆಯುವವರದೂ ಇಂಗ್ಲಿಷ್. ಆದರೂ ಪತ್ರದ ತಲೆಬರಹದಲ್ಲಿ, ಸಿಸಿ ಸಾಲಿನಲ್ಲಿ, ಕನ್ನಡ ವಿಳಾಸವಿದೆ. ಅದನ್ನು ವೇಷ ಹಾಕಿಸಿ ಬರೆಯುವ ವಿಧಾನವಿಲ್ಲ ಎಂದು ಆಗಲೇ ನೋಡಿದೆವು. ಹಾಗಾಗಿ ಇಡೀ ಪತ್ರಕ್ಕೇ `SMTPUTF8` ಬೇಕು, ಅಧ್ಯಾಪಕರ ಹಳೆಯ ಸರ್ವರ್ ಅದನ್ನು ಮುಟ್ಟುವುದಿಲ್ಲ. ಪತ್ರ ತಲುಪಿದ್ದು ಕನ್ನಡ ವಿಳಾಸದವರಿಗೆ. ತಲುಪದೆ ಹೋದದ್ದು ಇಂಗ್ಲಿಷ್ ವಿಳಾಸದವರಿಗೆ! ದೂರು ಬಂದಾಗ ಎಲ್ಲರೂ ನೋಡುವುದು ಅಧ್ಯಾಪಕರ ವಿಳಾಸವನ್ನು. ಅದರಲ್ಲಿ ಯಾವ ದೋಷವೂ ಇರುವುದಿಲ್ಲ.

ಸರ್ವರ್‌ಗಳ ದಾರಿಗೆ ಬರುವ ಮುಂಚೆಯೇ ಸೋಲುವ ಜಾಗವೂ ಒಂದಿದೆ, ವೆಬ್ ಫಾರಂ. ಇಮೇಲ್ ವಿಳಾಸ ಕೇಳುವ ಚೌಕಕ್ಕೆ ಬ್ರೌಸರ್‌ಗಳು ಬಳಸುತ್ತಾ ಬಂದ `type="email"` ಎಂಬ ಪರಿಶೀಲನೆ ಬಲಗಡೆಯ ಕನ್ನಡ ಡೊಮೇನನ್ನು `xn--` ಮಾಡಿಕೊಂಡು ಒಪ್ಪಿದರೂ, ಎಡಗಡೆಗೆ ಇಂಗ್ಲಿಷ್ ಅಕ್ಷರಗಳನ್ನು ಮಾತ್ರ ಬಯಸುವಂತೆ ಬರೆದದ್ದು. ಬ್ಯಾಂಕು, ರೈಲು, ಪರೀಕ್ಷಾ ಮಂಡಳಿ, ಯಾರ ತಾಣವೇ ಆಗಲಿ, ಇದನ್ನೇ ನೆಚ್ಚಿಕೊಂಡಿದ್ದರೆ ‘ಸರಿಯಾದ ವಿಳಾಸ ಕೊಡಿ’ ಎಂಬ ಕೆಂಪು ಸಾಲು ಕಾಣುತ್ತದೆ. ರಾಜಸ್ಥಾನ ಸರ್ಕಾರ 2017ರಲ್ಲಿ ತನ್ನ ಜನರಿಗೆ ದೇವನಾಗರಿ ಲಿಪಿಯ ಇಮೇಲ್ ಖಾತೆಗಳನ್ನು ಕೊಡಲು ಹೊರಟಿತು. ಅಂಥ ಖಾತೆ ಹಿಡಿದವರಿಗೆ ಸರ್ಕಾರದಾಚೆಯ ಫಾರಂ ಒಪ್ಪಬೇಕೆಂಬ ಕಟ್ಟುಪಾಡೇನೂ ಇಲ್ಲ.

ಹೀಗಾಗಿ ಕನ್ನಡ ವಿಳಾಸ ಕೊಡುವ ಯಾರೇ ಆಗಲಿ, ಅದೇ ಪೆಟ್ಟಿಗೆಗೆ `sampadaka@` ಎಂಬಂಥ ಇಂಗ್ಲಿಷ್ ಹೆಸರನ್ನೂ ಅಂಟಿಸಿ ಕೊಡುವುದು ವಾಡಿಕೆ. ಇದು ರಾಜಿಯೇ, ಆದರೆ ನಾಚಿಕೆಪಡಬೇಕಾದ ರಾಜಿಯಲ್ಲ. ಡೊಮೇನೂ ಇಂಗ್ಲಿಷ್‌ನದಾದರೆ ಇನ್ನೂ ನಿರಾತಂಕ; `sampadaka@xn--…` ಎಂದು ಹೋಗುವ ವಿಳಾಸ ಹಳೆಯ ಸರ್ವರ್‌ಗೂ ದಾಟುತ್ತದೆ, ಓದುವ ಮನುಷ್ಯರಿಗೆ ಮಾತ್ರ ಅನುಮಾನ ಹುಟ್ಟಿಸುತ್ತದೆ. ಎರಡು ಹೆಸರಲ್ಲಿ ಯಾವುದರಿಂದ ಕಳಿಸಬೇಕು ಎಂಬುದನ್ನು ಪತ್ರ ಹೊರಡುವ ಮೊದಲೇ ತೀರ್ಮಾನಿಸಬೇಕು, ಏಕೆಂದರೆ ದಾರಿಯಲ್ಲಿ ಬದಲಿಸುವವರು ಯಾರೂ ಇಲ್ಲ. ಎದುರಿನ ಸರ್ವರ್ ಒಪ್ಪುತ್ತದೆಯೇ ಎಂದು ಮೊದಲೇ ತಿಳಿಯಬೇಕಿದ್ದರೆ ಎರಡು ಆಜ್ಞೆ ಸಾಕು:

```
dig +short MX example.org
openssl s_client -starttls smtp -crlf -connect mx.example.org:25
```

ಮೊದಲನೆಯದು ಸರ್ವರ್‌ಗಳ ಹೆಸರು ಕೊಡುತ್ತದೆ, ಮೀಸಲಿನವೂ ಸೇರಿ. ಎರಡನೆಯದರಲ್ಲಿ ಒಂದೊಂದನ್ನೂ ಸಂಪರ್ಕಿಸಿ `EHLO` ಎಂದೂ ನಿಮ್ಮ ಯಂತ್ರದ ಹೆಸರನ್ನೂ ಟೈಪಿಸಿದರೆ ಪಟ್ಟಿ ಬರುತ್ತದೆ. ಅದರಲ್ಲಿ `SMTPUTF8` ಇದೆಯೇ ನೋಡಿ. ಮನೆಯ ಇಂಟರ್ನೆಟ್‌ನಲ್ಲಿ 25ನೇ ಪೋರ್ಟನ್ನು ಸಾಮಾನ್ಯವಾಗಿ ಮುಚ್ಚಿರುತ್ತಾರೆ, ಇದನ್ನು ಸರ್ವರ್ ಮೇಲಿಂದಲೇ ಮಾಡಬೇಕಾದೀತು. ಪಟ್ಟಿಯಲ್ಲಿ ಇದ್ದರೂ ಒಳಗಿನ ಡವ್‌ಕಾಟಿನ ಕಥೆ ಹೊರಗಿನಿಂದ ಕಾಣದು; ಅದಕ್ಕೆ ಒಂದು ಪತ್ರ ಕಳಿಸಿ, ಉತ್ತರ ಬರಿಸಿಕೊಂಡೇ ನೋಡಬೇಕು.

ಕೊನೆಯ ಸರ್ವರ್‌ನ ಒಂದು ಕೆಲಸ ಉಳಿಯಿತು. ಕನ್ನಡಕ್ಕೇ ವಿಶಿಷ್ಟವಾದ ತೊಡಕುಗಳಿರುವುದು ಇಲ್ಲಿ. ‘ಸೋಮು’ ಎಂಬ ಹೆಸರಿನ ಓಕಾರವನ್ನು ಯೂನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಎತ್ವ, ಊತ್ವ, ದೀರ್ಘ ಎಂದು ಮೂರು ತುಂಡಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಬೈಟ್‌ಗಳಲ್ಲಿ ಒಂದು 12, ಇನ್ನೊಂದು 18. ಹೆಸರನ್ನು ಎನ್‌ಎಫ್‌ಸಿ ಎಂಬ ಒಂದೇ ರೂಪಕ್ಕೆ ತಂದು ಹೋಲಿಸಿದರೆ ಇದು ಬಗೆಹರಿಯುತ್ತದೆ. ‘ರಾಜ್‌ಕುಮಾರ್’ನಲ್ಲಿ ಜಕಾರಕ್ಕೆ ಕ ಒತ್ತಾಗಿ ಅಂಟದಂತೆ ನಡುವೆ ಹಾಕುವ, ಕಣ್ಣಿಗೆ ಕಾಣದ ಬೇರ್ಪಡಿಕೆಯ ಚಿಹ್ನೆಯನ್ನು ಎನ್‌ಎಫ್‌ಸಿ ತೆಗೆಯುವುದಿಲ್ಲ. ಕೆಲವರು ಅದನ್ನು ಹಾಕುತ್ತಾರೆ, ಕೆಲವರ ಕೀಬೋರ್ಡಿನಲ್ಲಿ ಅದು ಸಿಗುವುದೇ ಇಲ್ಲ. ನಮ್ಮ ಪತ್ರಿಕೆಯ ವಿಳಾಸದಲ್ಲಿರುವುದು ಇನ್ನೂ ಹಳೆಯ ಪೀಡೆ: ಸೊನ್ನೆ. ‘ಸಂಪಾದಕ’ದ ಅನುಸ್ವಾರ ಒಂದು ಸಂಕೇತ, ಕನ್ನಡ ಅಂಕಿಯ ಸೊನ್ನೆ ಬೇರೆ ಸಂಕೇತ, ಅನುಸ್ವಾರದ ಬದಲು ಅಂಕಿಯನ್ನೇ ಒತ್ತುವ ಅಭ್ಯಾಸವಿರುವವರು ಬರೆದ ‘ಸ೦ಪಾದಕ’ ನೋಟಕ್ಕೆ ಅದೇ, ಯಂತ್ರಕ್ಕೆ ಬೇರೊಬ್ಬ ವ್ಯಕ್ತಿ. ತೆಲುಗಿನ ಅನುಸ್ವಾರವೂ ಸೇರಿಕೊಂಡರೆ ಮೂರನೆಯವನು.

ನಡುವಿನ ಸರ್ವರ್‌ಗಳು ಇವನ್ನು ತಿದ್ದುವಂತಿಲ್ಲ, ಬಂದ ಬೈಟ್‌ಗಳನ್ನು ಹಾಗೇ ದಾಟಿಸುತ್ತವೆ. ಪೆಟ್ಟಿಗೆಯ ಹೆಸರಿಗೆ ಅರ್ಥ ಕೊಡುವ ಅಧಿಕಾರ ಕೊನೆಯ ಸರ್ವರ್‌ನದು ಎಂಬ ಅದೇ ಹಳೆಯ ಕಟ್ಟಳೆ ಇಲ್ಲಿ ನೆರವಿಗೆ ಬರುತ್ತದೆ. ಪತ್ರಿಕೆಯ ಸರ್ವರ್ ನೋಡಿಕೊಳ್ಳುವವರು ಹೊಸ ಪೆಟ್ಟಿಗೆಗಳಿಗೆ ಎರಡು ಲಿಪಿ ಬೆರೆಸಿದ ಹೆಸರನ್ನು ಕೊಡದಿರಬಹುದು, ಒಳಬರುವ ಹೆಸರಿನಿಂದ ಕಾಣದ ಬೇರ್ಪಡಿಕೆಯನ್ನು ಕಳಚಿ ಹೋಲಿಸಬಹುದು, ಸೊನ್ನೆ ಹಾಕಿದ ‘ಸ೦ಪಾದಕ’ವನ್ನು ಅಲಿಯಾಸ್ ಪಟ್ಟಿಯಲ್ಲಿ ಸೇರಿಸಿ ಅದೇ ಪೆಟ್ಟಿಗೆಗೆ ತಿರುಗಿಸಬಹುದು. ಪುಟದ ಮೇಲೆ ಅಚ್ಚಾದ ವಿಳಾಸವನ್ನು ನೋಡಿ ಟೈಪ್ ಮಾಡುವ ಓದುಗರಿಗೆ ಅಲ್ಲಿರುವುದು ಅನುಸ್ವಾರವೋ ಅಂಕಿಯೋ ಎಂದು ತಿಳಿಯುವ ದಾರಿಯಿಲ್ಲವಾದ್ದರಿಂದ, ಆ ಅಲಿಯಾಸ್ ಸಾಲನ್ನು ವಿಳಾಸ ಅಚ್ಚಿಗೆ ಹೋಗುವ ಮೊದಲೇ ಬರೆದಿಡಬೇಕು.